ಪುಟದ ವಿಳಾಸ ಯಾವ ಲಿಪಿಯಲ್ಲಿರಬೇಕು?

ಮೈಸೂರು ದಸರಾ ಕುರಿತ ಒಂದು ಕನ್ನಡ ಲೇಖನವನ್ನು ಯಾರೋ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ. ಬ್ರೌಸರಿನ ನೆತ್ತಿಯಲ್ಲಿ ಅದರ ವಿಳಾಸ ‘ಮೈಸೂರು-ದಸರಾ’ ಎಂದು ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಗುಂಪಿಗೆ ಬಂದು ಬಿದ್ದದ್ದು ಮಾತ್ರ ಹೀಗೆ:

```
https://example.com/%E0%B2%AE%E0%B3%88%E0%B2%B8%E0%B3%82%E0%B2%B0%E0%B3%81-%E0%B2%A6%E0%B2%B8%E0%B2%B0%E0%B2%BE
```

ಓದುಗರಿಗೆ ಇದು ವೈರಸ್ ಕೊಂಡಿಯಂತೆ ಕಾಣುತ್ತದೆ. ಒತ್ತಲು ಹಿಂಜರಿಯುವವರು ಇದ್ದೇ ಇರುತ್ತಾರೆ. ಕನ್ನಡದಲ್ಲಿ ಜಾಲತಾಣ ನಡೆಸುವ ಪತ್ರಿಕೆ, ಶಾಲೆ, ಸಂಘ, ಪ್ರಕಾಶನ ಎಲ್ಲರ ಮುಂದೆಯೂ ಇದರಿಂದ ಒಂದು ಪ್ರಶ್ನೆ ಏಳುತ್ತದೆ. ಪುಟದ ವಿಳಾಸವನ್ನು ಕನ್ನಡ ಲಿಪಿಯಲ್ಲೇ ಇಡಬೇಕೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕೇ? ಉತ್ತರ ಹೇಳಲು ಭಾಷಾಭಿಮಾನವೊಂದೇ ಸಾಲದು. ವಿಳಾಸವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಕನ್ನಡ ಅಕ್ಷರಗಳಿಗೆ ಏನಾಗುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಒಂದು ಅಕ್ಷರಕ್ಕೆ ಒಂಬತ್ತು

ಜಾಲತಾಣದ ಹೆಸರು ಮುಗಿದ ಮೇಲೆ, ಓರೆಗೆರೆಯ ನಂತರ ಬರುವ ಆಯಾ ಪುಟದ ಗುರುತನ್ನು ಸ್ಲಗ್ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ‘ಮೈಸೂರು-ದಸರಾ’ ಎಂಬುದೇ ಸ್ಲಗ್. ಹೆಚ್ಚಿನ ತಾಣಗಳಲ್ಲಿ ಲೇಖನದ ಶೀರ್ಷಿಕೆ ನೋಡಿ ತಂತ್ರಾಂಶವೇ ಇದನ್ನು ತಯಾರಿಸುತ್ತದೆ. ಬರೆದವರಾಗಲಿ ಸಂಪಾದಕರಾಗಲಿ ಅದನ್ನು ತಿರುಗಿ ನೋಡುವುದು ಅಪರೂಪ.

ವೆಬ್ ವಿಳಾಸದಲ್ಲಿ ಏನೇನು ಇರಬಹುದು ಎಂಬುದಕ್ಕೆ 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3986 ಎಂಬ ನಿಯಮಾವಳಿ ಇದೆ. ಅದರ ಪ್ರಕಾರ ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು, ಅಂಕಿಗಳು, ಹೈಫನ್, ಚುಕ್ಕೆ, ಅಂಡರ್‌ಸ್ಕೋರ್ ಮತ್ತು ಟಿಲ್ಡೆ ಸೇರಿ 66 ಚಿಹ್ನೆಗಳನ್ನು ಎಲ್ಲಿ ಬೇಕಾದರೂ ನಿರಾತಂಕವಾಗಿ ಬಳಸಬಹುದು. ಕನ್ನಡ ಈ ಪಟ್ಟಿಯಲ್ಲಿಲ್ಲ. ಹಾಗೆಂದು ನಿಷೇಧವೂ ಇಲ್ಲ. ಕನ್ನಡ ಅಕ್ಷರವನ್ನು ಸಂಕೇತಗಳಾಗಿ ಬದಲಿಸಿ ಕಳಿಸಬೇಕು, ಅಷ್ಟೇ.

ಆ ಬದಲಾವಣೆ ಎರಡು ಹಂತದಲ್ಲಿ ನಡೆಯುತ್ತದೆ. ಯುನಿಕೋಡಿನ ಪ್ರತಿಯೊಂದು ಕನ್ನಡ ಚಿಹ್ನೆಯೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಆಗುತ್ತದೆ. ಮುಂದಿನ ಹಂತದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಅದರ ಜೊತೆಗೆ ಎರಡು ಚಿಹ್ನೆಗಳಲ್ಲಿ ಬರೆಯಲಾಗುತ್ತದೆ. ಮೂರು ಮೂರಲ ಒಂಬತ್ತು. ಇಲ್ಲಿ ಚಿಹ್ನೆ ಎಂದರೆ ನಾವು ಓದುವ ಅಕ್ಷರವಲ್ಲ. ‘ಮೈ’ ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಮಕಾರ ಮತ್ತು ಐತ್ವ ಎಂಬ ಎರಡು ಚಿಹ್ನೆ. ಹಾಗಾಗಿ ಮೂರಕ್ಷರದ ‘ಮೈಸೂರು’ ಆರು ಚಿಹ್ನೆಯಾಗಿ, ವಿಳಾಸದಲ್ಲಿ 54 ಸ್ಥಾನಗಳನ್ನು ತುಂಬುತ್ತದೆ. `mysuru` ಎಂದು ಬರೆದರೆ ಸಾಕಾಗುವುದು ಆರೇ ಸ್ಥಾನ.

ಬ್ರೌಸರುಗಳು ಓದುಗರ ಅನುಕೂಲಕ್ಕೆಂದು ಸಂಕೇತವನ್ನು ಬಿಡಿಸಿ ಕನ್ನಡದಲ್ಲೇ ತೋರಿಸುತ್ತವೆ. ನಕಲು ಮಾಡಿ ಬೇರೆಡೆ ಅಂಟಿಸುವಾಗ, ಎಲ್ಲ ಕಡೆಯೂ ಕೆಲಸ ಮಾಡಲಿ ಎಂದು, ಸಂಕೇತ ರೂಪವನ್ನೇ ಕೊಡುತ್ತವೆ. ವಾಟ್ಸಾಪಿನಲ್ಲಿ ಕಂಡ ಉದ್ದನೆಯ ಸಾಲಿಗೆ ಕಾರಣ ಇದೇ. ಕೊಂಡಿ ಕೆಟ್ಟಿಲ್ಲ, ಒತ್ತಿದರೆ ತೆರೆಯುತ್ತದೆ. ನೋಡಲು ಮಾತ್ರ ಹಾಗಿದೆ.

ತೊಂದರೆ ಇಷ್ಟೇ ಆಗಿದ್ದರೆ ಕನ್ನಡ ಲಿಪಿಯನ್ನೇ ಇಟ್ಟುಕೊಳ್ಳಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕೆಲವು ತೊಂದರೆಗಳು ಕಣ್ಣಿಗೆ ಬೀಳುವುದಿಲ್ಲ.

ನಡುವೆ ತುಂಡಾಗುವ ಶೀರ್ಷಿಕೆ

ವರ್ಡ್‌ಪ್ರೆಸ್ ಬಳಸುವ ಒಂದು ತಾಣದಲ್ಲಿ ‘ಮೈಸೂರು ದಸರಾ ಜಂಬೂಸವಾರಿಯ ಇತಿಹಾಸ’ ಎಂಬ ಲೇಖನ ಹಾಕುತ್ತೇವೆ ಎಂದುಕೊಳ್ಳಿ. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಡುವ ಜಾಗ 200 ಸ್ಥಾನಗಳು, ಅದೂ ಸಂಕೇತಕ್ಕೆ ಬದಲಾದ ಮೇಲಿನ ಲೆಕ್ಕ. ಇಂಗ್ಲಿಷಿನಲ್ಲಿ ಬರೆಯುವವರಿಗೆ 200 ಸ್ಥಾನ ಧಾರಾಳ. ಕನ್ನಡಕ್ಕೆ ಅದು ಬರೀ 22 ಚಿಹ್ನೆ.

ನಮ್ಮ ಶೀರ್ಷಿಕೆಯನ್ನು ಎಣಿಸೋಣ. ‘ಮೈಸೂರು’ ಆರು ಚಿಹ್ನೆ, ‘ದಸರಾ’ ನಾಲ್ಕು, ‘ಜಂಬೂಸವಾರಿಯ’ ಹತ್ತು, ‘ಇತಿಹಾಸ’ ಆರು. ಒಟ್ಟು 26 ಚಿಹ್ನೆ, ನಡುವೆ ಮೂರು ಹೈಫನ್. ಒಂಬತ್ತರಿಂದ ಗುಣಿಸಿ ಹೈಫನ್ ಕೂಡಿಸಿದರೆ 237. ಮಿತಿ ಮೀರಿತು. ಮೊದಲ ಮೂರು ಪದ ಮತ್ತು ಮೂರು ಹೈಫನ್‌ಗಳಿಗೇ 183 ಸ್ಥಾನ ಮುಗಿದು, ಉಳಿಯುವುದು 17. ಅದರಲ್ಲಿ ಒಂದು ಚಿಹ್ನೆ ಹಿಡಿಯುತ್ತದೆ, ಎರಡನೆಯದಕ್ಕೆ ಜಾಗವಿಲ್ಲ. ಕೊನೆಗೆ ತಯಾರಾಗುವ ಸ್ಲಗ್ ಇದು:

```
ಮೈಸೂರು-ದಸರಾ-ಜಂಬೂಸವಾರಿಯ-ಇ
```

ಇತಿಹಾಸ ಹೋಗಿ ‘ಇ’ ಉಳಿಯಿತು. ಇಲ್ಲಿ ಸ್ವರವೊಂದು ಉಳಿದದ್ದು ಪುಣ್ಯ. ಬೇರೆ ಶೀರ್ಷಿಕೆಯಲ್ಲಿ ವ್ಯಂಜನ ಉಳಿದು ಕಾಗುಣಿತದ ಗುರುತು ಬಿದ್ದುಹೋಗಬಹುದು, ಒತ್ತಕ್ಷರದ ಅರ್ಧ ಮಾತ್ರ ಉಳಿಯಬಹುದು. ಪುಟವೇನೋ ತೆರೆಯುತ್ತದೆ, ಹಾಗಾಗಿ ಯಾರೂ ದೂರು ಹೇಳುವುದಿಲ್ಲ. ಮುಂದಿನ ವರ್ಷ ‘ಮೈಸೂರು ದಸರಾ ಜಂಬೂಸವಾರಿಯ ಇಂದಿನ ರೂಪ’ ಎಂಬ ಇನ್ನೊಂದು ಲೇಖನ ಬಂದರೆ ಅದೂ ಅದೇ ‘ಇ’ಗೆ ಬಂದು ನಿಲ್ಲುತ್ತದೆ. ವರ್ಡ್‌ಪ್ರೆಸ್ ಅದರ ಕೊನೆಗೆ ‘2’ ಎಂದು ಸೇರಿಸಿ ಮುಂದೆ ಹೋಗುತ್ತದೆ. ಎರಡು ಬೇರೆ ಲೇಖನಗಳ ವಿಳಾಸಕ್ಕೆ ಬರೀ ಒಂದು ಅಂಕಿಯ ವ್ಯತ್ಯಾಸ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಶೀರ್ಷಿಕೆಯನ್ನು ಇಡಿಯಾಗಿ ಸ್ಲಗ್ ಆಗಲು ಬಿಡಬಾರದು. ಪ್ರಕಟಿಸುವ ಮೊದಲು ಸ್ಲಗ್ ಪೆಟ್ಟಿಗೆಗೆ ಹೋಗಿ, ವಿಷಯವನ್ನು ಗುರುತಿಸುವ ಎರಡು ಮೂರು ಪದಗಳನ್ನಷ್ಟೇ ಕೈಯಾರೆ ಬರೆಯಬೇಕು. ‘ದಸರಾ-ಜಂಬೂಸವಾರಿ’ ಎಂದರೆ 118 ಸ್ಥಾನದಲ್ಲಿ ಕೆಲಸ ಮುಗಿಯುತ್ತದೆ.

ಕಾಗುಣಿತ ನುಂಗುವ ತಂತ್ರಾಂಶ

ಇನ್ನೊಂದು ತೊಂದರೆ ತಂತ್ರಾಂಶ ಬರೆಯುವವರ ಕಡೆಯಿಂದ ಬರುತ್ತದೆ. ಪೈಥಾನ್ ಭಾಷೆಯ ಜಾಂಗೊ ಎಂಬ ಚೌಕಟ್ಟನ್ನು ಬಹಳ ತಾಣಗಳು ಬಳಸುತ್ತವೆ. ಶೀರ್ಷಿಕೆಯಿಂದ ಸ್ಲಗ್ ತಯಾರಿಸಲು ಅದರಲ್ಲಿ ಸಿದ್ಧ ಸೌಲಭ್ಯವಿದೆ. ಅದಕ್ಕೆ ನಮ್ಮ ಪದಗಳನ್ನು ಕೊಟ್ಟರೆ ಸಿಗುವುದು ಹೀಗೆ:

```
slugify("ಮೈಸೂರು ದಸರಾ")
''
slugify("ಮೈಸೂರು ದಸರಾ", allow_unicode=True)
'ಮಸರ-ದಸರ'
```

ಮೊದಲ ಬಾರಿ ಖಾಲಿ. ಇಂಗ್ಲಿಷ್ ಅಲ್ಲದ್ದನ್ನೆಲ್ಲ ಅದು ತೆಗೆದುಹಾಕುತ್ತದೆ. ಎರಡನೆಯ ಬಾರಿ ಬೇರೆ ಲಿಪಿಗೂ ಅವಕಾಶ ಕೊಡು ಎಂದು ಹೇಳಿದ್ದೇವೆ. ಆದರೂ ‘ಮೈಸೂರು’ ‘ಮಸರ’ ಆಗಿದೆ. ಪದದಲ್ಲಿ ಇರತಕ್ಕದ್ದು ಅಕ್ಷರ ಮತ್ತು ಅಂಕಿ ಮಾತ್ರ ಎಂಬ ನಿಯಮವನ್ನು ಆ ಸೌಲಭ್ಯ ಪಾಲಿಸುತ್ತದೆ. ಯುನಿಕೋಡಿನ ವರ್ಗೀಕರಣದಲ್ಲಿ ಕನ್ನಡದ ಐತ್ವ, ಊತ್ವ, ದೀರ್ಘ, ಅರ್ಧಾಕ್ಷರದ ಗುರುತುಗಳು ಅಕ್ಷರಗಳಲ್ಲ, ಅಕ್ಷರಕ್ಕೆ ಸೇರುವ ಗುರುತುಗಳು. ಹಾಗಾಗಿ ಅವೆಲ್ಲ ಸೋಸಿಹೋಗುತ್ತವೆ. ‘ಕನ್ನಡ’ ಎಂದು ಕೊಟ್ಟರೆ ‘ಕನನಡ’ ಬರುತ್ತದೆ.

ನಿಮ್ಮ ತಾಣವನ್ನು ಬೇರೆಯವರು ಕಟ್ಟಿಕೊಡುತ್ತಿದ್ದರೆ ಅವರಿಗೆ ತಪ್ಪದೆ ಒಂದು ಪರೀಕ್ಷೆ ಕೊಡಿ. ಕಾಗುಣಿತ, ಒತ್ತಕ್ಷರ, ಅನುಸ್ವಾರ ಎಲ್ಲವೂ ಇರುವ ಒಂದು ಶೀರ್ಷಿಕೆ, ‘ಹಂಪಿಯ ವಿರೂಪಾಕ್ಷ ದೇವಸ್ಥಾನ’ ಎಂಬಂಥದ್ದು, ಕೊಟ್ಟು ವಿಳಾಸದಲ್ಲಿ ಅದು ಹೇಗೆ ಮೂಡುತ್ತದೆ ಎಂದು ನೋಡಿ. ಒಂದು ಗುರುತು ಕಳೆದುಹೋದರೂ ಆ ತಂತ್ರಾಂಶ ಕನ್ನಡ ಸ್ಲಗ್‌ಗೆ ತಯಾರಿಲ್ಲ ಎಂದೇ ಅರ್ಥ.

ಕಣ್ಣಿಗೆ ಕಾಣದ ಚಿಹ್ನೆ

ಮೂರನೆಯ ತೊಂದರೆ ಕನ್ನಡ ಬರವಣಿಗೆಯ ಒಳಗೇ ಇದೆ. ‘ರಾಜ್‌ಕುಮಾರ್’ ಎಂದು ಜಕಾರದ ಕೆಳಗೆ ಕಕಾರದ ಒತ್ತು ಬೀಳದಂತೆ ಟೈಪ್ ಮಾಡಬೇಕಾದರೆ ನಡುವೆ ಒಂದು ಅದೃಶ್ಯ ಚಿಹ್ನೆ ಹಾಕಬೇಕು. ಝೀರೋ ವಿಡ್ತ್ ನಾನ್ ಜಾಯಿನರ್ ಎಂದು ಅದರ ಹೆಸರು. ಇಂಗ್ಲಿಷಿನಿಂದ ಬಂದ ‘ಫೇಸ್‌ಬುಕ್’, ‘ಸಾಫ್ಟ್‌ವೇರ್’ ಮೊದಲಾದ ನೂರಾರು ಪದಗಳಲ್ಲಿ ನಾವು ಅದನ್ನು ದಿನವೂ ಬಳಸುತ್ತೇವೆ. ‘ರ‍್ಯಾಂಕ್’ ಎಂದು ಅರ್ಕಾವತ್ತಿಲ್ಲದೆ ಬರೆಯಲು ಇದರ ಜೊತೆಗಾರ ಇನ್ನೊಂದು ಅದೃಶ್ಯ ಚಿಹ್ನೆ ಬೇಕು.

ವಿಳಾಸದಲ್ಲಿ ಇವೂ ಲೆಕ್ಕಕ್ಕೆ ಬರುತ್ತವೆ. ಆ ಚಿಹ್ನೆ ಇರುವ ‘ರಾಜ್‌ಕುಮಾರ್’ ಒಂದು ವಿಳಾಸ, ಅದಿಲ್ಲದೆ ‘ರಾಜ್ಕುಮಾರ್’ ಎಂದು ಒತ್ತು ಬಿದ್ದದ್ದು ಇನ್ನೊಂದು. ತಂತ್ರಾಂಶ ಈ ಚಿಹ್ನೆಯನ್ನು ಒಂದು ಕಡೆ ಉಳಿಸಿ ಇನ್ನೊಂದು ಕಡೆ ತೆಗೆದರೆ, ಓದುಗರಿಗೆ ‘ಪುಟ ಸಿಗಲಿಲ್ಲ’ ಎಂಬ 404 ಸಂದೇಶ ಬರುತ್ತದೆ. ಹೀಗೇ, ‘ಕೋ’ ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಣುಕುಗಳನ್ನು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ ಬೇರೆ. ಒಳ್ಳೆಯ ತಂತ್ರಾಂಶ ಇದನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಂಡೇ ಸ್ಲಗ್ ತಯಾರಿಸುತ್ತದೆ.

ಅದೃಶ್ಯ ಚಿಹ್ನೆ ಇದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಉಪಾಯವಿದೆ. ವಿಳಾಸವನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ, `%E2%80%8C` ಅಥವಾ `%E2%80%8D` ಎಂದು ಹುಡುಕಿ. ಸಿಕ್ಕರೆ ಚಿಹ್ನೆ ಅಡಗಿದೆ ಎಂದರ್ಥ. ಕನ್ನಡ ಸ್ಲಗ್ ಬರೆಯುವವರು ಸಾಧ್ಯವಾದಲ್ಲಿ ಇಂಥ ಪದಗಳನ್ನು ಬಿಟ್ಟು ಬೇರೆ ಪದ ಆರಿಸುವುದು ಕ್ಷೇಮ.

ಇಂಗ್ಲಿಷ್ ಅಕ್ಷರಗಳ ತಕರಾರು

ಹಾಗಾದರೆ ಇಂಗ್ಲಿಷ್ ಅಕ್ಷರಗಳೇ ಸಾಕು ಎನ್ನುವವರು ಅದರ ಕಷ್ಟವನ್ನೂ ನೋಡಬೇಕು. `bale` ಎಂದು ಬರೆದರೆ ಅದು ಬಲೆಯೋ, ಬಳೆಯೋ, ಬಾಳೆಯೋ? ಇಂಗ್ಲಿಷ್ ಲಿಪಿಯಲ್ಲಿ ಲಕಾರ ಳಕಾರದ ಭೇದ ಇಲ್ಲ, ಹ್ರಸ್ವ ದೀರ್ಘದ ಭೇದ ತೋರಿಸುವ ಒಪ್ಪಿತ ಕ್ರಮವೂ ಇಲ್ಲ. ದೊಡ್ಡಕ್ಷರ ಬಳಸಿ ಳಕಾರ ಸೂಚಿಸುವ ಕೀಲಿಮಣೆಯ ಪದ್ಧತಿ ಇಲ್ಲಿ ನಡೆಯದು. ಅನೇಕ ಸರ್ವರುಗಳಲ್ಲಿ ದೊಡ್ಡಕ್ಷರದ ವಿಳಾಸ ಬೇರೆ, ಸಣ್ಣಕ್ಷರದ್ದು ಬೇರೆ ಆಗುವುದರಿಂದ, ಸ್ಲಗ್ ಎಂದಿಗೂ ಸಣ್ಣಕ್ಷರದಲ್ಲೇ ಇರಬೇಕು.

ಈ ಗೊಂದಲ ಕಳೆಯಲು ಹೆಚ್ಚು ಸ್ವರ ಸೇರಿಸುವುದಕ್ಕಿಂತ ಇನ್ನೊಂದು ಪದ ಸೇರಿಸುವುದು ಮೇಲು. `meenina-bale`, `gajina-bale`, `bale-hannu` ಎಂದರೆ ಯಾವುದು ಯಾವುದು ಎಂದು ಕನ್ನಡ ಬಲ್ಲ ಯಾರಿಗೂ ಅನುಮಾನ ಉಳಿಯುವುದಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಬಿಡಿ. `jambusavariya-itihasa` ಎನ್ನುವ ಬದಲು `jambusavari-itihasa` ಸಾಕು. ದೀರ್ಘಕ್ಕೆ ಒಂದು `a` ಬಳಸುತ್ತೀರೋ ಎರಡೋ, ಶಕಾರಕ್ಕೆ `sh` ಬಳಸುತ್ತೀರೋ ಬರೀ `s` ಬಳಸುತ್ತೀರೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ತಾಣಕ್ಕೆ ಲೇಖನ ಹಾಕುವ ಎಲ್ಲರ ಕೈಗೂ ಕೊಡಿ. ಇಲ್ಲದಿದ್ದರೆ ಒಬ್ಬರ `dasara` ಇನ್ನೊಬ್ಬರ `dasaraa` ಆಗುತ್ತದೆ.

ಊರ ಹೆಸರುಗಳಿಗೆ ಅಧಿಕೃತ ರೂಪವೇ ಇರಲಿ. 2014ರ ನವೆಂಬರ್ 1ರಿಂದ ಕರ್ನಾಟಕದ 12 ನಗರಗಳ ಇಂಗ್ಲಿಷ್ ಬರಹರೂಪ ಬದಲಾಗಿ `bengaluru`, `mysuru`, `ballari`, `kalaburagi` ಬಂದವು. ಹೊಸ ಪುಟಗಳಿಗೆ ಇವೇ ಸರಿ. ಅದಕ್ಕೂ ಮೊದಲು `bangalore` ಎಂದು ಮಾಡಿದ ಹಳೆಯ ವಿಳಾಸಗಳನ್ನು ತಿದ್ದಲು ಹೋಗಬೇಡಿ. ಅವು ಆಗಲೇ ಎಲ್ಲೆಲ್ಲೋ ಹಂಚಿಹೋಗಿವೆ.

ಇನ್ನು, ಇಂಗ್ಲಿಷ್ ಅಕ್ಷರ ಎಂದರೆ ಇಂಗ್ಲಿಷಿಗೆ ಅನುವಾದ ಎಂದಲ್ಲ. ಪಹಣಿ ತಿದ್ದುಪಡಿ ಕುರಿತ ಕನ್ನಡ ಲೇಖನಕ್ಕೆ `land-record-correction` ಎಂದು ಇಟ್ಟರೆ ಅದು ಯಾರ ಬಾಯಲ್ಲೂ ಇಲ್ಲದ ಮಾತು. `pahani-tiddupadi` ಎಂದರೆ ರೈತರು ಆಡುವ ಮಾತು, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಹುಡುಕುವವರು ಬರೆಯುವುದೂ ಅದನ್ನೇ. ಆದಾಯ ತೆರಿಗೆಯ ಲೇಖನಕ್ಕಾದರೋ ಜನರ ಬಾಯಲ್ಲಿರುವ `income-tax` ಎಂಬುದೇ ಸಹಜ.

ಯಾವಾಗ ಯಾವುದು

ಕನ್ನಡ ಲಿಪಿಯ ಸ್ಲಗ್ ಚೆನ್ನಾಗಿ ನಡೆಯಬಲ್ಲದು ಎಂಬುದಕ್ಕೆ ಕನ್ನಡ ವಿಕಿಪೀಡಿಯವೇ ಸಾಕ್ಷಿ. ಅದರ ಪುಟಗಳ ವಿಳಾಸವೆಲ್ಲ ಕನ್ನಡದಲ್ಲೇ ಇದೆ. ಅದರ ತಂತ್ರಾಂಶ ಅಕ್ಷರಗಳನ್ನು ಏಕರೂಪಕ್ಕೆ ತಂದುಕೊಳ್ಳುತ್ತದೆ. ಶೀರ್ಷಿಕೆಗೆ ಅದು ಇಟ್ಟ ಮಿತಿ 255 ಬೈಟ್, ಅದನ್ನು ಎಣಿಸುವುದು ಸಂಕೇತವಾಗುವ ಮೊದಲೇ. ಹಾಗಾಗಿ 85 ಕನ್ನಡ ಚಿಹ್ನೆಗೆ ಜಾಗವಿದೆ. ಒಂದೇ ಹೆಸರಿನ ಬೇರೆ ಬೇರೆ ಬರಹರೂಪಗಳಿಂದ ಸರಿಯಾದ ಪುಟಕ್ಕೆ ಕಳಿಸುವ ಮರುನಿರ್ದೇಶನಗಳನ್ನು ಸಂಪಾದಕರು ಮಾಡಿಡುತ್ತಾರೆ. ಹಂಚಿಕೊಳ್ಳುವವರಿಗೆಂದು `w.wiki` ಎಂಬ ಕಿರು ಕೊಂಡಿಯ ಸೌಲಭ್ಯವೂ ಇದೆ. ಗೂಗಲ್ ಕೂಡ ತನ್ನ ಮಾರ್ಗಸೂಚಿಯಲ್ಲಿ ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಲು ಹೇಳುತ್ತದೆ. ಪದಗಳ ನಡುವೆ ಅಂಡರ್‌ಸ್ಕೋರ್ ಬದಲು ಹೈಫನ್ ಇರಲಿ ಎಂಬುದೂ ಅದರ ಸಲಹೆ.

ಆದ್ದರಿಂದ ನಿಘಂಟು, ವಿಶ್ವಕೋಶ, ವಚನಗಳ ಸಂಗ್ರಹದಂಥ ತಾಣಗಳಿಗೆ ಕನ್ನಡ ಲಿಪಿಯೇ ಸರಿ. ಅಲ್ಲಿ ಪದವೇ ಪುಟದ ಗುರುತು. ‘ಬಳೆ’ ಮತ್ತು ‘ಬಾಳೆ’ ಬೇರೆಯಾಗಿಯೇ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಸೋಲುತ್ತದೆ.

ಸುದ್ದಿ, ಲೇಖನ, ಸಂಘದ ಪ್ರಕಟಣೆ, ಶಾಲೆಯ ಸೂಚನೆ ಇವುಗಳ ವಿಳಾಸ ಮಾತ್ರ ಕೈಯಿಂದ ಕೈಗೆ ಸಾಗುತ್ತದೆ. ಅದನ್ನು ಫೋನಿನಲ್ಲಿ ಹೇಳಬೇಕು, ಕರಪತ್ರದಲ್ಲಿ ಅಚ್ಚು ಹಾಕಬೇಕು. ಎಸ್‌ಎಂಎಸ್‌ನಲ್ಲಿ ಒಂದು ಕನ್ನಡ ಅಕ್ಷರ ಸೇರಿದರೂ ಒಂದು ಸಂದೇಶದ ಮಿತಿ 160ರಿಂದ 70ಕ್ಕೆ ಇಳಿಯುತ್ತದೆ. ಹೊರದೇಶದ ಕಚೇರಿಯಲ್ಲಿ ಕುಳಿತ ಕನ್ನಡಿಗರ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇಲ್ಲದಿರಬಹುದು. ಇಂಥ ತಾಣಗಳಿಗೆ ಎರಡು ಮೂರು ಪದದ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವೇ ಇಂದಿಗೆ ಗಟ್ಟಿಯಾದ ಆಯ್ಕೆ. ಕನ್ನಡದ ಸ್ಥಾನ ಇದರಿಂದ ಕುಗ್ಗುವುದಿಲ್ಲ. ಶೀರ್ಷಿಕೆ, ಲೇಖನ, ಹುಡುಕಾಟದಲ್ಲಿ ಕಾಣುವ ಸಾಲು ಎಲ್ಲವೂ ಕನ್ನಡದಲ್ಲೇ ಇರುತ್ತವೆ.

ಎರಡರ ಅನುಕೂಲವೂ ಬೇಕೆನ್ನುವವರಿಗೆ ಮೂರನೆಯ ದಾರಿ ಇದೆ. ಪ್ರತಿ ಪುಟಕ್ಕೂ ಒಂದು ಸಂಖ್ಯೆ ಕೊಟ್ಟು, ಆಮೇಲೆ ಕನ್ನಡ ಸ್ಲಗ್ ಇಡುವುದು:

```
/lekhana/4127/ದಸರಾ-ಜಂಬೂಸವಾರಿ
```

ಸ್ಟ್ಯಾಕ್ ಓವರ್‌ಫ್ಲೋ ತಾಣ ತನ್ನ ಪ್ರಶ್ನೆಗಳಿಗೆ ಬಳಸುವುದು ಇದೇ ಕ್ರಮ. ಸರ್ವರ್ ಪುಟವನ್ನು ಹುಡುಕುವುದು ಸಂಖ್ಯೆಯಿಂದ. ಹಿಂದಿನ ಕನ್ನಡ ಭಾಗ ತುಂಡಾದರೂ, ಕಾಗುಣಿತ ಕೆಟ್ಟರೂ ಪುಟ ಸಿಗುತ್ತದೆ. ಅಚ್ಚಿನಲ್ಲಿ ಸಂಖ್ಯೆಯವರೆಗೆ ಮಾತ್ರ ಹಾಕಿದರೆ ಸಾಕು. ಹೊಸದಾಗಿ ತಾಣ ಕಟ್ಟಿಸುವವರು ಇದನ್ನು ಕೇಳಿ ಮಾಡಿಸಿಕೊಳ್ಳಬಹುದು. ಈಗಾಗಲೇ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಸ್ಲಗ್ ಇಟ್ಟವರಿಗೂ ಒಂದು ಅನುಕೂಲವಿದೆ. ತಾಣದ ಹೆಸರಿನ ಮುಂದೆ `/?p=4127` ಎಂದು ಲೇಖನದ ಸಂಖ್ಯೆ ಸೇರಿಸಿದರೆ ಅದೇ ಪುಟಕ್ಕೆ ಹೋಗುತ್ತದೆ. ವಾಟ್ಸಾಪಿಗೆ ಆ ಕೊಂಡಿಯನ್ನು ಕಳಿಸಿ.

ಬದಲಿಸಲೇಬೇಕಾದರೆ

ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಪ್ರಬಂಧ ಬರೆದು, ಒಳ್ಳೆಯ ವಿಳಾಸ ಬದಲಾಗಬಾರದು ಎಂದು ವಾದಿಸಿದ್ದರು. ಬದಲಾಗುವಂಥದ್ದನ್ನು ವಿಳಾಸದೊಳಗೆ ಇಡದಿರುವುದೇ ಅದಕ್ಕೆ ದಾರಿ. ಬರೆದವರ ಹೆಸರು, ವಿಭಾಗದ ಹೆಸರು, ‘ಹೊಸ’ ಎಂಬ ಪದ, `.php` ಎಂಬ ಬಾಲ ಇವು ಯಾವುವೂ ಬೇಡ. ಪ್ರತಿವರ್ಷ ತಿದ್ದಿ ಉಳಿಸಿಕೊಳ್ಳುವ ಪುಟಕ್ಕೆ ಇಸವಿಯೂ ಬೇಡ.

ಲಿಪಿ ಬದಲಿಸಲೇಬೇಕೆಂದು ತೀರ್ಮಾನಿಸಿದರೆ, ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಬೇಕು. ವರ್ಡ್‌ಪ್ರೆಸ್‌ನಲ್ಲಿ ಒಂದು ಲೇಖನದ ಸ್ಲಗ್ ಮಾತ್ರ ತಿದ್ದಿದರೆ ಅದು ಹಳೆಯದನ್ನು ನೆನಪಿಟ್ಟುಕೊಂಡು ತಾನೇ ದಾರಿ ತೋರಿಸುತ್ತದೆ. ಬೇರೆ ತಂತ್ರಾಂಶಕ್ಕೆ ಹೋಗುವಾಗ ಆ ನೆನಪು ಜೊತೆಗೆ ಬರುವುದಿಲ್ಲ. ಅಪಾಚೆ ಸರ್ವರಿನಲ್ಲಾದರೆ ಹೀಗೆ ಬರೆಯಬೇಕು:

```
Redirect 301 /ಮೈಸೂರು-ದಸರಾ /mysuru-dasara
```

ಇಲ್ಲಿ ಅನೇಕರು ಹಳೆಯ ವಿಳಾಸವನ್ನು ಶೇಕಡಾ ಸಂಕೇತದಲ್ಲೇ ಅಂಟಿಸಿ, ಏಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅಪಾಚೆ ಹೋಲಿಸಿ ನೋಡುವುದು ಸಂಕೇತ ಬಿಡಿಸಿದ ರೂಪವನ್ನು. ಆದ್ದರಿಂದ ಹಳೆಯ ಭಾಗವನ್ನು ನೇರವಾಗಿ ಕನ್ನಡದಲ್ಲೇ ಬರೆದು, ಕಡತವನ್ನು ಯುಟಿಎಫ್-8ರಲ್ಲಿ ಉಳಿಸಬೇಕು.

ಯಾವ ಲಿಪಿ ಆರಿಸಿದರೂ ಇಡೀ ತಾಣಕ್ಕೆ ಅದೊಂದೇ ಕ್ರಮವಿರಲಿ. ಮುಂದಿನ ಲೇಖನ ಪ್ರಕಟಿಸುವ ಮೊದಲು ಸ್ಲಗ್ ಪೆಟ್ಟಿಗೆಯನ್ನು ತೆರೆದು ನೋಡಿ, ಬೇಡದ ಪದ ತೆಗೆಯಿರಿ. ಪ್ರಕಟವಾದ ಮೇಲೆ ಕೊಂಡಿಯನ್ನು ಇನ್ನೊಂದು ಫೋನಿಗೆ ಕಳಿಸಿ ಒತ್ತಿ ನೋಡಿ. ಪುಟ ತೆರೆದರೆ ಆ ವಿಳಾಸವನ್ನು ಮತ್ತೆ ಮುಟ್ಟಬೇಡಿ.